ಒಂದು ಆಫರ್‌ಗೆ ಶುಕ್ರವಾರ ಕೊನೆ ದಿನ, ಮನಸ್ಸು ಇನ್ನೊಂದು ಕಂಪನಿ ಮೇಲೆ: ಅವರಿಗೆ ಹೇಳೋದಾ, ಬೇಡವಾ?

ಪ್ರಶ್ನೆ: "ನಮಸ್ಕಾರ ಮೇಡಂ. ನಾನು ಬೆಳಗಾವಿ ಕಡೆಯವನು. ಐದು ವರ್ಷದಿಂದ ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಖರಾಡಿಯ ಒಂದು ಕಂಪನಿಯಿಂದ ಸೋಮವಾರ ಸಂಜೆ ಆಫರ್ ಲೆಟರ್ ಬಂತು. ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಕೊಡಬೇಕಂತೆ. ಆದರೆ ನನಗೆ ನಿಜವಾಗಿ ಬೇಕಾಗಿರೋದು ಹಿಂಜವಡಿಯ ಇನ್ನೊಂದು ಕಂಪನಿ. ಮನೆ ವಾಕಡದಲ್ಲಿದೆ, ಕೆಲಸವೂ ನನಗಿಷ್ಟವಾದದ್ದು. ಅಲ್ಲಿ ಎರಡು ಟೆಕ್ನಿಕಲ್ ರೌಂಡ್ ಆಗಿವೆ, ಮ್ಯಾನೇಜರ್ ರೌಂಡ್ ಬಾಕಿ. ಹಳೇ ಸಹೋದ್ಯೋಗಿಯೊಬ್ಬರು ರೆಫರ್ ಮಾಡಿದ್ದು. ಅವರಿಗೆ ಶುಕ್ರವಾರದ ವಿಷಯ ಹೇಳಲಾ? ನಮ್ಮ ಕಾಕಾ 'ಹೇಳಬೇಡ, ಸೊಕ್ಕು ಅಂದ್ಕೋತಾರ' ಅಂತಾರೆ. ರೂಮ್‌ಮೇಟ್ 'ಹೇಳು, ಎರಡು ಲಕ್ಷ ಜಾಸ್ತಿ ಸೇರಿಸಿ ಹೇಳು' ಅಂತಾನೆ. ನನ್ನ ನೋಟಿಸ್ ಪೀರಿಯಡ್ 60 ದಿನ."

ಉತ್ತರ: ನಿಮ್ಮ ಪತ್ರ ಬಂದ ದಿನವೇ ಮುಖ್ಯವಾದ ನಾಲ್ಕು ಮಾತನ್ನು ಮೆಸೇಜಿನಲ್ಲಿ ಕಳಿಸಿದ್ದೆ, ಯಾಕೆಂದರೆ ಶುಕ್ರವಾರ ಯಾರಿಗೂ ಕಾಯುವುದಿಲ್ಲ. ಪುಣೆಯಲ್ಲಿ ನೇಮಕಾತಿ ಕೆಲಸಕ್ಕೆ ಸೇರಿದಾಗಿನಿಂದ ಈ ಪ್ರಶ್ನೆಯನ್ನು ಎಷ್ಟೋ ಜನರಿಂದ ಕೇಳಿದ್ದೇನೆ. ಹಾಗಾಗಿ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹೇಳಿ. ಇವತ್ತೇ ಹೇಳಿ. ನಿಜ ಹೇಳಿ. ದುಡ್ಡಿನ ಮಾತು ಅದರಲ್ಲಿ ಸೇರಿಸಬೇಡಿ.

ಮೊದಲು ಕಾಕಾ ಅವರ ಮಾತು. ಅವರ ಕಾಳಜಿ ಅರ್ಥವಾಗುತ್ತದೆ. ಅವರ ಕಾಲದಲ್ಲಿ ಕೆಲಸ ಕೊಡುವವರ ಮುಂದೆ ಇನ್ನೊಂದು ಕೆಲಸದ ಹೆಸರು ಎತ್ತುವುದೇ ತಪ್ಪು ಅನ್ನುವಂತಿತ್ತು. ಈಗ ಹಾಗಿಲ್ಲ. ಐದು ವರ್ಷದ ಅನುಭವ ಇರುವವರು ಒಂದೇ ಕಡೆ ಇಂಟರ್‌ವ್ಯೂ ಕೊಡುತ್ತಿಲ್ಲ ಎಂದು ಪ್ರತಿ ರಿಕ್ರೂಟರ್‌ಗೂ ಗೊತ್ತಿರುತ್ತದೆ. ಮೊದಲ ಫೋನಿನಲ್ಲೇ "ಕೈಯಲ್ಲಿ ಬೇರೆ ಆಫರ್ ಇದೆಯಾ?" ಎಂದು ನಾವೇ ಕೇಳುತ್ತೇವೆ, ಅಲ್ವಾ? ನಮಗೆ ನಿಜಕ್ಕೂ ಬೇಜಾರಾಗುವುದು ಬೇರೆ ಹೊತ್ತಿನಲ್ಲಿ. ಎಲ್ಲ ರೌಂಡ್ ಮುಗಿಸಿ, ಅಪ್ರೂವಲ್ ತೆಗೆದುಕೊಂಡು ಲೆಟರ್ ಕಳಿಸುವಾಗ "ನಾನು ಹೋದ ವಾರವೇ ಬೇರೆ ಕಡೆ ಒಪ್ಪಿಕೊಂಡೆ ಮೇಡಂ" ಎಂದು ಅಭ್ಯರ್ಥಿ ಹೇಳಿದಾಗ. ಅಷ್ಟೂ ಜನರ ಸಮಯ ಹೋಯಿತು. ಮೊದಲೇ ಹೇಳಿದ್ದರೆ ಏನಾದರೂ ಮಾಡಬಹುದಿತ್ತು.

ಸೊಕ್ಕು ಅನ್ನಿಸುವುದು ವಿಷಯದಿಂದಲ್ಲ, ಹೇಳುವ ರೀತಿಯಿಂದ. "ಶುಕ್ರವಾರದೊಳಗೆ ಕೊಡಿ, ಇಲ್ಲಾಂದ್ರೆ ಬಿಡಿ" ಎಂದು ಬರೆದರೆ ಬೆದರಿಕೆ ಆಗುತ್ತದೆ. "ನನಗೆ ನಿಮ್ಮಲ್ಲೇ ಸೇರಬೇಕು, ಆದರೆ ಶುಕ್ರವಾರ ಒಂದು ಕಡೆ ಉತ್ತರ ಕೊಡಬೇಕಾಗಿದೆ, ಅಷ್ಟರಲ್ಲಿ ಸಾಧ್ಯವಾ?" ಎಂದರೆ ಅದು ಮಾಹಿತಿ. ರಿಕ್ರೂಟರ್ ಕೈಗೆ ನೀವು ಒಂದು ಕಾರಣ ಕೊಟ್ಟಂತಾಯಿತು. ಆ ಕಾರಣ ಇಟ್ಟುಕೊಂಡು ಅವರು ಒಳಗೆ ಓಡಾಡಬಹುದು.

ಒಳಗೆ ಅಂದರೆ ಎಲ್ಲಿ? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗಿನಿಂದ ನೋಡುವವರಿಗೆ ಇದು ಕಾಣುವುದಿಲ್ಲ. ಹೊರಗೆ "ಪ್ರೋಸೆಸ್ ನಡೀತಿದೆ" ಎಂಬ ಒಂದೇ ವಾಕ್ಯ ಕೇಳಿಸುತ್ತದೆ.

ಮಧ್ಯಮ ಗಾತ್ರದ ಐಟಿ ಕಂಪನಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ. ಇಂಟರ್‌ವ್ಯೂ ಮಾಡಿದವರು ತಮ್ಮ ಅಭಿಪ್ರಾಯವನ್ನು ಸಿಸ್ಟಮ್‌ನಲ್ಲಿ ಬರೆಯಬೇಕು. ಎಷ್ಟೋ ಸಲ ಅಲ್ಲೇ ಎರಡು ಮೂರು ದಿನ ಕಳೆಯುತ್ತದೆ, ಕೆಲಸದ ಗಡಿಬಿಡಿಯಲ್ಲಿ ಅವರಿಗೆ ಮರೆತಿರುತ್ತದೆ. ಆಮೇಲೆ ಮ್ಯಾನೇಜರ್ ರೌಂಡ್‌ಗೆ ಕ್ಯಾಲೆಂಡರ್‌ನಲ್ಲಿ ಜಾಗ ಹುಡುಕಬೇಕು. ಅದು ಮುಗಿದ ಮೇಲೆ ಎಚ್‌ಆರ್ ಫಿಟ್‌ಮೆಂಟ್ ಮಾಡುತ್ತಾರೆ. ಅಂದರೆ ನಿಮ್ಮ ಈಗಿನ ಸಂಬಳ, ಅನುಭವ, ಅದೇ ಟೀಮಿನಲ್ಲಿ ಅದೇ ಹಂತದಲ್ಲಿರುವವರ ಸಂಬಳ ಎಲ್ಲವನ್ನೂ ನೋಡಿ ನಿಮಗೆ ಒಂದು ಮೊತ್ತ ಗೊತ್ತುಮಾಡುತ್ತಾರೆ. ಆ ಮೊತ್ತಕ್ಕೆ ವಿಭಾಗದ ಮುಖ್ಯಸ್ಥರು ಒಪ್ಪಬೇಕು, ಕೆಲವು ಕಡೆ ಫೈನಾನ್ಸ್‌ನವರೂ ಒಪ್ಪಬೇಕು. ಅದಾದ ಮೇಲೆ ಲೆಟರ್.

ಈ ಸಾಲಿನಲ್ಲಿ ನಿಜವಾದ ಕೆಲಸಕ್ಕೆ ಹಿಡಿಯುವುದು ಕೆಲವೇ ಗಂಟೆ. ಉಳಿದದ್ದೆಲ್ಲ ಸುಮ್ನೆ ಕಾಯುವ ಸಮಯ. ನಿಮ್ಮ ಗಡುವು ಕಡಿಮೆ ಮಾಡುವುದು ಈ ಕಾಯುವ ಸಮಯವನ್ನು. ಮ್ಯಾನೇಜರ್ ಊಟದ ಮೊದಲಿನ ಅರ್ಧ ಗಂಟೆ ಕೊಡುತ್ತಾರೆ. ಬಾಕಿ ಇದ್ದ ಅಭಿಪ್ರಾಯ ಅವತ್ತೇ ಬರೆಸುತ್ತೇವೆ. ಅಪ್ರೂವ್ ಮಾಡಬೇಕಾದವರಿಗೆ ಮೇಲ್ ಜೊತೆ ಫೋನೂ ಮಾಡುತ್ತೇವೆ.

ಆದರೆ ಗಡುವಿಗೆ ಬಗ್ಗದ ಸಂಗತಿಗಳೂ ಇವೆ. ಆ ಹುದ್ದೆಗೇ ಇನ್ನೂ ಮೇಲಿನಿಂದ ಮಂಜೂರಾತಿ ಬಂದಿಲ್ಲದಿದ್ದರೆ ರಿಕ್ರೂಟರ್ ಏನೂ ಮಾಡಲಾರರು. ಸರ್ವಿಸ್ ಕಂಪನಿಗಳಲ್ಲಿ ಕ್ಲೈಂಟ್ ರೌಂಡ್ ಇದ್ದರೆ ಅದು ಕ್ಲೈಂಟ್ ಹೇಳಿದ ದಿನವೇ ಆಗುವುದು. ನೀವು ಕೇಳಿದ ಸಂಬಳ ಆ ಹಂತದ ಮಿತಿಗಿಂತ ಮೇಲಿದ್ದರೆ ವಿಶೇಷ ಅನುಮತಿ ಬೇಕು, ಅದು ನಿಧಾನ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡು ಟೆಕ್ನಿಕಲ್ ರೌಂಡ್‌ನಲ್ಲಿ ನೀವು ಅವರಿಗೆ ಅಷ್ಟಕ್ಕಷ್ಟೇ ಅನ್ನಿಸಿದ್ದರೆ, ಗಡುವು ಕೇಳಿದ ಕೂಡಲೇ "ಆ ಆಫರ್ ತಗೊಳ್ಳಲಿ ಬಿಡಿ" ಅನ್ನುತ್ತಾರೆ. ಮೆಚ್ಚಿಕೊಂಡವರ ವಿಷಯದಲ್ಲಿ ಗಡುವು ವೇಗ ತರುತ್ತದೆ. ಅರೆಮನಸ್ಸಿದ್ದಲ್ಲಿ ಅದು ಮನಸ್ಸು ಬದಲಿಸುವುದಿಲ್ಲ, "ಇಲ್ಲ" ಅನ್ನುವ ಉತ್ತರವನ್ನು ಬೇಗ ತರುತ್ತದೆ. ನಿಮ್ಮ ಕೈಯಲ್ಲಿ ಖರಾಡಿಯ ಲೆಟರ್ ಇರುವಾಗ ಆ "ಇಲ್ಲ" ಕೂಡ ಬೇಗ ಬರುವುದೇ ಒಳ್ಳೆಯದು.

ಇನ್ನು ರೂಮ್‌ಮೇಟ್ ಸಲಹೆ. ದಯವಿಟ್ಟು ಅದನ್ನು ಮಾಡಬೇಡಿ. ಮೊತ್ತ ಹೆಚ್ಚಿಸಿ ಹೇಳಿದರೆ ಅನೇಕ ಕಂಪನಿಗಳು "ಆ ಲೆಟರ್ ಕಳಿಸಿ, ನೋಡಿ ಹೊಂದಿಸೋಣ" ಎನ್ನುತ್ತವೆ. ಆಗ ಏನು ತೋರಿಸುತ್ತೀರಿ? ಕೆಲವರು ಪಿಡಿಎಫ್ ತಿದ್ದುವ ಮಟ್ಟಕ್ಕೆ ಹೋಗುತ್ತಾರೆ. ಅದು ನಕಲಿ ದಾಖಲೆ. ಸೇರಿದ ಮೇಲೆ ಗೊತ್ತಾದರೂ ಕೆಲಸ ಹೋಗುತ್ತದೆ. ಪುಣೆಯಲ್ಲಿ ಖರಾಡಿಯ ರಿಕ್ರೂಟರ್, ಹಿಂಜವಡಿಯ ರಿಕ್ರೂಟರ್ ಹಿಂದೆ ಒಂದೇ ಆಫೀಸಿನಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿರಬಹುದು. ಎರಡೂ ಕಂಪನಿಗೆ ಒಂದೇ ಕನ್ಸಲ್ಟೆನ್ಸಿ ಜನರನ್ನು ಕಳಿಸುತ್ತಿರುವುದೂ ಉಂಟು.

ಇಲ್ಲದ ಆಫರ್ ಹೇಳುವವರನ್ನು ಗುರುತಿಸುವುದು ಕಷ್ಟವಲ್ಲ. ಒಬ್ಬರು ಬುಧವಾರ ನನಗೆ "48 ಗಂಟೆ ಮಾತ್ರ ಇದೆ" ಎಂದರು. ಶುಕ್ರವಾರ ಕೇಳಿದೆ, "ಸೋಮವಾರದವರೆಗೆ ಕೊಟ್ಟಿದ್ದಾರೆ" ಎಂದರು. ಮುಂದಿನ ಬುಧವಾರವೂ ಅದೇ 48 ಗಂಟೆ. ಲೆಟರ್‌ನಲ್ಲಿ ಬರೆದಿರುವ ತಾರೀಕು ಯಾವುದು ಎಂದು ಕೇಳಿದಾಗ ತಡವರಿಸಿದರು. ನಿಜವಾದ ಗಡುವು ಇರುವವರಿಗೆ ತಾರೀಕು ಬಾಯಲ್ಲೇ ಇರುತ್ತದೆ. ಆ ಅಭ್ಯರ್ಥಿಗೆ ಆಫರ್ ಕೊಡಬಾರದೆಂದು ನಾವು ತೀರ್ಮಾನಿಸಿರಲಿಲ್ಲ. ಆದರೆ ಮ್ಯಾನೇಜರ್‌ಗೆ ನಂಬಿಕೆ ಹೋಯಿತು, ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ವಾರವನ್ನು ದಿನದ ಲೆಕ್ಕದಲ್ಲಿ ನೋಡೋಣ. ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಆಫರ್ ಬಂದ ಕೂಡಲೇ ಖರಾಡಿಗೆ ಫೋನ್ ಮಾಡಿ "ಇನ್ನೆರಡು ದಿನ ಕೊಡಿ" ಎನ್ನುತ್ತಾರೆ. ಅವರು ಕೊಡುತ್ತಾರೆ. ಆಮೇಲೆ ಹಿಂಜವಡಿಯವರು "ಮುಂದಿನ ಬುಧವಾರ ಆಗುತ್ತೆ" ಎನ್ನುತ್ತಾರೆ. ಮತ್ತೆ ಖರಾಡಿಗೆ ಹೋಗಿ ಕೇಳಲು ಮುಖ ಇರುವುದಿಲ್ಲ. ಸಮಯ ಕೇಳುವ ಅವಕಾಶ ಮರ್ಯಾದೆಯಿಂದ ಒಂದೇ ಸಲ ಸಿಗುತ್ತದೆ. ಹಾಗಾಗಿ ಮೊದಲು ಹಿಂಜವಡಿಯವರಿಗೆ ಬರೆದು ಅವರಿಗೆ ಎಷ್ಟು ದಿನ ಬೇಕು ಎಂದು ತಿಳಿದುಕೊಳ್ಳಿ. ಆಮೇಲೆ ಖರಾಡಿಯವರ ಹತ್ತಿರ ಸರಿಯಾಗಿ ಅಷ್ಟೇ ದಿನ ಕೇಳಿ.

ಮಂಗಳವಾರ ಬೆಳಿಗ್ಗೆ ಹಿಂಜವಡಿಯ ರಿಕ್ರೂಟರ್‌ಗೆ ಮೇಲ್ ಹೋಗಬೇಕು. ನೇರವಾಗಿ ಮ್ಯಾನೇಜರ್‌ಗೆ ಬರೆಯಬೇಡಿ. ರಿಕ್ರೂಟರ್‌ರನ್ನು ದಾಟಿ ಹೋದಿರಿ ಅನ್ನಿಸಿದರೆ, ನಿಮಗಾಗಿ ಓಡಾಡಬೇಕಾದವರನ್ನೇ ದೂರ ಮಾಡಿಕೊಂಡಂತೆ. ನೀವು ಹೇಗೂ ಇಂಗ್ಲಿಷಿನಲ್ಲೇ ಬರೆಯುತ್ತೀರಿ, ಅದರ ಸಾರ ಇಷ್ಟಿರಲಿ:

"ಎರಡನೇ ರೌಂಡ್ ಆದ ಮೇಲೆ ಈ ಕೆಲಸದ ಬಗ್ಗೆ ನನ್ನ ಆಸಕ್ತಿ ಹೆಚ್ಚಾಗಿದೆ. ನನ್ನ ಮೊದಲ ಆಯ್ಕೆ ನಿಮ್ಮ ಕಂಪನಿಯೇ. ಒಂದು ವಿಷಯ ತಿಳಿಸಬೇಕಿತ್ತು. ನಿನ್ನೆ ಬೇರೊಂದು ಕಂಪನಿಯಿಂದ ಲಿಖಿತ ಆಫರ್ ಬಂದಿದೆ, ಈ ಶುಕ್ರವಾರ ಸಂಜೆ 6ರೊಳಗೆ ಉತ್ತರ ಕೊಡಬೇಕು. ಉಳಿದ ರೌಂಡ್ ಈ ವಾರದಲ್ಲಿ ಆಗಲು ಸಾಧ್ಯವಾ? ನಾಳೆ, ನಾಡಿದ್ದು ಯಾವ ಹೊತ್ತಿಗಾದರೂ ನಾನು ಸಿಗುತ್ತೇನೆ. ಆಗದಿದ್ದರೆ ನಿಮ್ಮ ತೀರ್ಮಾನ ಅಂದಾಜು ಯಾವ ದಿನ ಬರಬಹುದು ಎಂದು ಹೇಳಿದರೆ ಅಲ್ಲಿ ಸಮಯ ಕೇಳಿ ನೋಡುತ್ತೇನೆ."

ಇಷ್ಟೇ. ಆ ಕಂಪನಿಯ ಹೆಸರಿಲ್ಲ, ಮೊತ್ತವೂ ಇಲ್ಲ. ನಾಲ್ಕು ಸಂಗತಿ ಮಾತ್ರ ಇವೆ: ನಿಮಗೆ ಇಲ್ಲೇ ಬೇಕು, ಆಫರ್ ಲಿಖಿತವಾಗಿದೆ, ತಾರೀಕು ಇದು, ಅವರು ಮಾಡಬೇಕಾದದ್ದು ಇದು. ಕೊನೆಯ ವಾಕ್ಯ ತುಂಬಾ ಮುಖ್ಯ. ರಿಕ್ರೂಟರ್‌ಗೆ "ಆಗುತ್ತೆ, ಆಗಲ್ಲ" ಎರಡರ ನಡುವೆ ಮೂರನೆಯ ದಾರಿಯೊಂದನ್ನು ಅದು ಬಿಡುತ್ತದೆ. ಆ ವಾಕ್ಯ ಇಲ್ಲದಿದ್ದರೆ, ಶುಕ್ರವಾರಕ್ಕೆ ಆಗುವುದಿಲ್ಲ ಎಂದು ಅವರಿಗೆ ಅನ್ನಿಸಿದ ಕೂಡಲೇ ನಿಮ್ಮನ್ನು ಕೈಬಿಡುವ ಸಾಧ್ಯತೆ ಇದೆ.

ಮಧ್ಯಾಹ್ನದವರೆಗೆ ಉತ್ತರ ಬರದಿದ್ದರೆ ಒಂದು ಫೋನ್ ಮಾಡಿ. ರೆಫರ್ ಮಾಡಿದ ಗೆಳೆಯರಿಗೂ ವಿಷಯ ತಿಳಿಸಿ, ಆದರೆ ಅವರಿಂದ ಒತ್ತಡ ಹಾಕಿಸಬೇಡಿ. "ಅವರ ಮೇಲ್ ನೋಡಿದಿರಾ?" ಎಂದು ಅವರು ರಿಕ್ರೂಟರ್‌ಗೆ ಕೇಳಿದರೆ ಸಾಕು.

ಸಂಬಳದ ಮಾತು ಅದೇ ಮೇಲ್‌ನಲ್ಲಿ ಯಾಕೆ ಬೇಡ ಎಂದರೆ, ಸಮಯದ ಕೋರಿಕೆಯನ್ನು ರಿಕ್ರೂಟರ್ ಒಬ್ಬರೇ ಓಡಾಡಿ ಮಾಡಿಕೊಡಬಹುದು. ದುಡ್ಡು ಅವರ ಕೈಯಲ್ಲಿಲ್ಲ. ಎರಡನ್ನೂ ಒಟ್ಟಿಗೆ ಬರೆದರೆ ಓದುವವರಿಗೆ ನೀವು ಚೌಕಾಸಿ ಶುರುಮಾಡಿದಿರಿ ಅನ್ನಿಸುತ್ತದೆ. ನಮ್ಮ ಕಡೆ ಒಂದು ಆಫರ್ ತೋರಿಸಿ ಇನ್ನೊಂದು, ಅದನ್ನು ತೋರಿಸಿ ಮತ್ತೊಂದು ತೆಗೆದುಕೊಳ್ಳುವವರು ಎಷ್ಟು ಜನರೆಂದರೆ, ರಿಕ್ರೂಟರ್‌ಗಳು ಈ ವಾಸನೆ ಬಂದ ಕೂಡಲೇ ಹಿಂದೆ ಸರಿಯುತ್ತಾರೆ. ಅವರಾಗಿಯೇ "ಅಲ್ಲಿ ಎಷ್ಟು ಕೊಡ್ತಿದ್ದಾರೆ?" ಎಂದು ಕೇಳಿದರೆ ಇದ್ದದ್ದನ್ನು ಹೇಳಿ. ಹೇಳುವಾಗ ಖಾತ್ರಿ ಸಂಬಳ ಎಷ್ಟು, ವೇರಿಯೇಬಲ್ ಎಷ್ಟು ಎಂದು ಬಿಡಿಸಿ ಹೇಳಿ. 12 ಲಕ್ಷದ ಸಿಟಿಸಿಯಲ್ಲಿ ಒಂದೂವರೆ ಲಕ್ಷ ವೇರಿಯೇಬಲ್ ಇದ್ದರೆ ಅದನ್ನೂ ಹೇಳಿ. ಲೆಟರ್ ಪ್ರತಿ ಕೇಳಿದರೆ ಮೊದಲು ಅದರಲ್ಲಿ ಗೋಪ್ಯತೆಯ ಷರತ್ತು ಇದೆಯಾ ನೋಡಿ. ಇದ್ದರೆ, "ಲೆಟರ್ ಹಂಚಿಕೊಳ್ಳುವಂತಿಲ್ಲ, ತಾರೀಕು ಮತ್ತು ಮೊತ್ತ ನಾನು ಹೇಳಿದಂತೆಯೇ ಇದೆ" ಎಂದು ಮರ್ಯಾದೆಯಿಂದ ಹೇಳಿದರೆ ಸಾಕು. ಹೆಚ್ಚಿನವರು ಅಷ್ಟಕ್ಕೆ ಒಪ್ಪುತ್ತಾರೆ.

ಬುಧವಾರದ ಹೊತ್ತಿಗೆ ಅವರ ನಡವಳಿಕೆ ನಿಮಗೆ ಸುಳಿವು ಕೊಡುತ್ತದೆ. ಮ್ಯಾನೇಜರ್ ರೌಂಡ್‌ಗೆ ಸಮಯ ಗೊತ್ತಾಯಿತು ಅಂದರೆ ಗಾಡಿ ಹೊರಟಿದೆ. ಹೊಸದಾಗಿ ಮೂರು ತಿಂಗಳ ಪೇಸ್ಲಿಪ್, ಫಾರ್ಮ್ 16 ಕೇಳಿದರು ಅಂದರೆ ಫಿಟ್‌ಮೆಂಟ್ ಶುರುವಾಗಿದೆ ಎಂದುಕೊಳ್ಳಬಹುದು. ಮೊದಲ ದಿನವೇ ಎಲ್ಲರ ಹತ್ತಿರ ಇವನ್ನು ತೆಗೆದುಕೊಳ್ಳುವ ಕಂಪನಿಯಾದರೆ ಈ ಸುಳಿವಿಗೆ ಅರ್ಥವಿಲ್ಲ. "60 ದಿನವನ್ನು ಕಡಿಮೆ ಮಾಡಿಸಬಹುದಾ, ಬೈಔಟ್ ಇದೆಯಾ?" ಎಂದು ಕೇಳುವುದೂ ಒಳ್ಳೆಯ ಲಕ್ಷಣ. ಬೈಔಟ್ ಅಂದರೆ ಉಳಿದ ನೋಟಿಸ್ ದಿನಗಳಿಗೆ ಹಣ ಕಟ್ಟಿ ಬೇಗ ಹೊರಬರುವುದು. ಬರೀ "ಟೀಮ್ ಜೊತೆ ಮಾತಾಡಿ ತಿಳಿಸ್ತೀವಿ" ಎಂದು, ದಿನ ಹೇಳದೆ ಎರಡು ಸಲ ತಳ್ಳಿದರೆ ಈ ವಾರ ಅಲ್ಲಿಂದ ಏನೂ ಬರುವುದಿಲ್ಲ ಎಂದು ಇಟ್ಟುಕೊಳ್ಳಿ.

ಎಲ್ಲ ಸರಿಯಾಗಿ ನಡೆದಾಗ ಹೇಗಿರುತ್ತದೆ ಎಂಬುದಕ್ಕೆ ನಾನು ಕೈಯಾರೆ ಮಾಡಿದ ಒಂದು ಕೇಸ್ ಹೇಳುತ್ತೇನೆ. ಧಾರವಾಡ ಕಡೆಯ ಹುಡುಗಿ, ನಿಮ್ಮಷ್ಟೇ ಅನುಭವ. ಮಂಗಳವಾರ ಬೆಳಿಗ್ಗೆ ಇಂಥದ್ದೇ ಮೇಲ್ ಕಳಿಸಿದ್ದರು, ಶುಕ್ರವಾರದ ಗಡುವು. ನಾನು ಮೊದಲು ನೋಡಿದ್ದು ಟೆಕ್ನಿಕಲ್ ರೌಂಡ್‌ನ ಅಭಿಪ್ರಾಯ. ಒಂದು ಬಂದಿತ್ತು, ಚೆನ್ನಾಗಿತ್ತು. ಇನ್ನೊಂದು ಬರೆದೇ ಇರಲಿಲ್ಲ. ಬರೆಯಬೇಕಾದವರ ಡೆಸ್ಕ್ ಹತ್ತಿರ ಹೋಗಿ ನಿಂತು ಬರೆಸಿದೆ. ಮ್ಯಾನೇಜರ್ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಮಾತಾಡಲು ಒಪ್ಪಿದರು. ಮಧ್ಯಾಹ್ನ ಫಿಟ್‌ಮೆಂಟ್ ಆಯಿತು. ವಿಭಾಗದ ಮುಖ್ಯಸ್ಥರು ಪ್ರವಾಸದಲ್ಲಿದ್ದರು, ಗುರುವಾರ ರಾತ್ರಿ ಫೋನಿನಿಂದಲೇ ಅಪ್ರೂವ್ ಮಾಡಿದರು. ಫೈನಾನ್ಸ್ ಒಪ್ಪಿಗೆ ಮಾತ್ರ ಶುಕ್ರವಾರ ಮಧ್ಯಾಹ್ನವಾದರೂ ಬರಲಿಲ್ಲ. ಆಗ ಆಕೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಆಯ್ಕೆಯಾಗಿದೆ, ಲೆಟರ್ ಸೋಮವಾರ ಬರಬೇಕು, ಆದರೆ ಬರೆದು ಕೊಡುವವರೆಗೆ ನಾನು ಭರವಸೆ ಕೊಡಲಾರೆ. ಆಕೆ ಬುಧವಾರವೇ ನನ್ನಿಂದ ಅಂದಾಜು ದಿನ ತಿಳಿದುಕೊಂಡು ಆ ಇನ್ನೊಂದು ಕಂಪನಿಯಿಂದ ಮಂಗಳವಾರದವರೆಗೆ ಸಮಯ ತೆಗೆದುಕೊಂಡಿದ್ದರು. ಸೋಮವಾರ ಸಂಜೆ ಲೆಟರ್ ಹೋಯಿತು. ಅದೇ ಮೇಲ್ ಗುರುವಾರ ಸಂಜೆ ಬಂದಿದ್ದರೆ ನಾನು ಎಷ್ಟು ಓಡಾಡಿದರೂ ಆಗುತ್ತಿರಲಿಲ್ಲ.

ಖರಾಡಿಯವರ ಹತ್ತಿರ ಸಮಯ ಕೇಳುವಾಗ ಆಸ್ಪತ್ರೆ, ಊರಲ್ಲಿ ಸಾವು ಇಂಥ ಕಥೆ ಕಟ್ಟಬೇಡಿ. "ಆಫರ್‌ಗೆ ಧನ್ಯವಾದ, ಗಂಭೀರವಾಗಿ ಯೋಚಿಸುತ್ತಿದ್ದೇನೆ. ಒಂದು ಕಡೆ ಪ್ರಕ್ರಿಯೆ ಕೊನೆಯ ಹಂತದಲ್ಲಿದೆ. ಮಂಗಳವಾರ ಸಂಜೆಯೊಳಗೆ ಖಚಿತ ಉತ್ತರ ಕೊಡುತ್ತೇನೆ" ಎಂದರೆ ಸಾಕು. ಇದನ್ನು ಬುಧವಾರ ಅಥವಾ ಗುರುವಾರ ಕೇಳಿ, ಶುಕ್ರವಾರ ಸಂಜೆ ಐದಕ್ಕಲ್ಲ. ಅವರು ಇಷ್ಟು ಕಡಿಮೆ ದಿನ ಕೊಡಲು ಕಾರಣವಿದೆ. ಎರಡನೇ ಸ್ಥಾನದಲ್ಲಿ ಇನ್ನೊಬ್ಬ ಅಭ್ಯರ್ಥಿ ಇರುತ್ತಾರೆ, ನಿಮ್ಮ ಉತ್ತರ ತಡವಾದರೆ ಅವರೂ ಕೈತಪ್ಪುತ್ತಾರೆ. ಹೀಗಾಗಿ ಎರಡು ಮೂರು ಕೆಲಸದ ದಿನ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಎರಡು ವಾರ ಕೇಳಿದರೆ ಕೊಡುವುದಿಲ್ಲ. ಕೆಲಸದ ದಿನ ಲೆಕ್ಕ ಹಾಕುವಾಗ ರಜೆ ನೋಡಿಕೊಳ್ಳಿ. ಪುಣೆಯಲ್ಲಿ ಗಣೇಶೋತ್ಸವದ ವಾರವಾದರೆ ಅಪ್ರೂವ್ ಮಾಡುವವರಲ್ಲಿ ಅರ್ಧ ಜನ ರಜೆಯಲ್ಲಿರುತ್ತಾರೆ.

ಸಮಯ ಸಿಕ್ಕಿದರೆ ಅದನ್ನು ಹಿಂಜವಡಿಯವರಿಗೂ ತಿಳಿಸಿ. ಮುಚ್ಚಿಟ್ಟರೆ ಬೇಗ ಮಾಡುತ್ತಾರೆ ಎಂದು ಕೆಲವರು ಹೇಳುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಅವರು ಹೇಳಿದ ದಿನಕ್ಕಾಗಿಯೇ ನೀವು ಸಮಯ ಕೇಳಿದ್ದು. "ಮಂಗಳವಾರದವರೆಗೆ ಸಿಕ್ಕಿದೆ, ಇನ್ನು ಮುಂದೆ ಕೇಳಲು ಆಗುವುದಿಲ್ಲ" ಎಂದು ಬರೆದರೆ ಆ ತಾರೀಕಿಗೆ ತೂಕ ಬರುತ್ತದೆ.

ಖರಾಡಿಯವರು ಒಂದು ದಿನವೂ ಕೊಡದಿದ್ದರೆ? ಆಗ ನಿಮ್ಮ ಮುಂದೆ ಮೂರು ದಾರಿ. ಒಂದು, ಖರಾಡಿಗೆ ಒಪ್ಪಿ ಹಿಂಜವಡಿಯವರಿಗೆ ಧನ್ಯವಾದ ಹೇಳಿ ಮುಗಿಸುವುದು. ಎರಡು, ಖರಾಡಿ ಬಿಟ್ಟು ಹಿಂಜವಡಿಗೆ ಕಾಯುವುದು. ಈಗ ಕೈಯಲ್ಲಿ ಕೆಲಸ ಇರುವುದರಿಂದ ನೀವು ಬೀದಿಗೆ ಬೀಳುವುದಿಲ್ಲ, ಆದರೆ ಮ್ಯಾನೇಜರ್ ರೌಂಡ್ ಇನ್ನೂ ಆಗಿರದಿದ್ದರೆ ನಾನು ಇದಕ್ಕೆ ಹೂಂ ಅನ್ನುವುದಿಲ್ಲ. ಮೂರನೆಯದು, ಖರಾಡಿಗೆ ಒಪ್ಪಿಗೆ ಕೊಟ್ಟು ಒಳಗೊಳಗೇ ಹಿಂಜವಡಿಗೆ ಕಾಯುವುದು. ಬಹಳ ಜನ ಇದನ್ನೇ ಮಾಡುತ್ತಾರೆ. ನೋಟಿಸ್ ಪೀರಿಯಡ್ 60, 90 ದಿನ ಇರುವುದೇ ಈ ಅಭ್ಯಾಸಕ್ಕೆ ಕಾರಣ. ನೀವು ಹಾಗೆ ಮಾಡಲೇಬೇಕಾದರೆ ಅದರ ಬೆಲೆ ಗೊತ್ತಿರಲಿ. ಖರಾಡಿಯವರ ಸಿಸ್ಟಮ್‌ನಲ್ಲಿ ನಿಮ್ಮ ಹೆಸರಿನ ಮುಂದೆ "ಒಪ್ಪಿ ಬರಲಿಲ್ಲ" ಎಂದು ಉಳಿಯುತ್ತದೆ, ಮುಂದೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ. ಸೇರುವ ಬೋನಸ್ ಮೊದಲೇ ಕೊಟ್ಟಿದ್ದರೆ ಅಥವಾ ಬೈಔಟ್ ಹಣ ಕಟ್ಟಿದ್ದರೆ ವಾಪಸ್ ಕೇಳುತ್ತಾರೆ. ಹಾಗಾಗಿ ಲೆಟರ್‌ನ ಷರತ್ತುಗಳನ್ನು ಪೂರ್ತಿ ಓದಿಯೇ ಒಪ್ಪಿ. ಮನಸ್ಸು ಬದಲಾದರೆ ಸೇರುವ ಹಿಂದಿನ ದಿನದವರೆಗೆ ಕಾಯದೆ ಅದೇ ದಿನ ತಿಳಿಸಿ. ಅವರು ಇನ್ನೊಬ್ಬರನ್ನು ಹುಡುಕಿಕೊಳ್ಳಬೇಕು.

ಇದರಲ್ಲಿ ಇನ್ನೊಂದು ಗಡುವು ಅಡಗಿದೆ, ಅದನ್ನು ನೀವು ಬರೆದಿಲ್ಲ. ಆಫರ್ ಒಪ್ಪಿದ ಕೆಲವು ದಿನಗಳಲ್ಲಿ, ಈಗಿನ ಕಂಪನಿಗೆ ಕೊಟ್ಟ ರಾಜೀನಾಮೆಯ ಮೇಲ್ ತೋರಿಸಿ ಎಂದು ಅನೇಕರು ಕೇಳುತ್ತಾರೆ. ರಾಜೀನಾಮೆ ಕೊಟ್ಟ ದಿನದಿಂದ ನಿಮ್ಮ 60 ದಿನ ಓಡಲು ಶುರು. ಶುಕ್ರವಾರ ಹಿಂಜವಡಿಯವರು ಫೋನಿನಲ್ಲಿ "ಆಯ್ಕೆಯಾಗಿದ್ದೀರಿ, ಕಂಗ್ರಾಟ್ಸ್" ಎಂದರೂ ಅದನ್ನು ನಂಬಿ ಖರಾಡಿಗೆ ಇಲ್ಲ ಎನ್ನಬೇಡಿ, ರಾಜೀನಾಮೆಯಂತೂ ಕೊಡಲೇಬೇಡಿ. ಮೊತ್ತ, ಹುದ್ದೆ, ಸೇರುವ ದಿನ ಇರುವ ಲೆಟರ್ ಬರಲಿ. ಲೆಟರ್ ತಡವಾಗುವಂತಿದ್ದರೆ, ಈ ಮೂರನ್ನೂ ಕಂಪನಿಯ ಐಡಿಯಿಂದ ಮೇಲ್‌ನಲ್ಲಾದರೂ ಕಳಿಸಿ ಎಂದು ಕೇಳಿ. ಅದು ಲೆಟರ್‌ಗೆ ಸಮವಲ್ಲ, ಆದರೂ ಖರಾಡಿಯಿಂದ ಅಷ್ಟರಲ್ಲಿ ಸಮಯ ಕೇಳಿರದಿದ್ದರೆ ಒಂದು ದಿನ ಕೇಳುವ ಧೈರ್ಯ ನಿಮಗೆ ಬರುತ್ತದೆ. ಆ ಮೇಲ್ ಕೂಡ ಬಾರದಿದ್ದರೆ ಶುಕ್ರವಾರ ಸಂಜೆ ಖರಾಡಿಗೆ ಒಪ್ಪಿಗೆ ಕೊಟ್ಟುಬಿಡಿ, ಹಿಂಜವಡಿಯ ರಿಕ್ರೂಟರ್‌ಗೆ ಎರಡು ಸಾಲು ಬರೆದು ತಿಳಿಸಿ.